ಬೆಲೆ ಹೇಳದೆ ಪ್ಯಾಕೇಜ್ ತೋರಿಸುವ ರೀಲ್: ಸ್ಕ್ರಿಪ್ಟ್ ಎಲ್ಲಿ ಎಡವುತ್ತಿದೆ?

ಕಿಟಕಿಬೆಳಕು

ಮದುವೆ ನಿಶ್ಚಯವಾದ ಜೋಡಿಗಳಿಗಾಗಿ 30 ಸೆಕೆಂಡಿನ ರೀಲ್ ಮಾಡಬೇಕು. ನಮ್ಮ ಪ್ಯಾಕೇಜುಗಳ ಪೈಕಿ ನಡುವಿನದರಲ್ಲಿ ಏನೇನಿದೆ ಅನ್ನೋದು ಗೊತ್ತಾಗಬೇಕು, ರೇಟ್ ಮಾತ್ರ ಬರಬಾರದು. ಹಿಂದಿನ ರೀಲಿನಲ್ಲಿ ರೇಟ್ ಹಾಕಿದ್ದಕ್ಕೆ ಅದು ದಿನಕ್ಕೋ, ಕಾರ್ಯಕ್ರಮಕ್ಕೋ, ಆಲ್ಬಮ್ ಸೇರಿಯೋ ಅನ್ನೋ ಪ್ರಶ್ನೆಗಳೇ ತುಂಬಿಹೋದವು.

ಪ್ಯಾಕೇಜ್ ಇದು: ಇಬ್ಬರು ಫೋಟೋಗ್ರಾಫರ್, ಒಬ್ಬ ವಿಡಿಯೋಗ್ರಾಫರ್, 10 ಗಂಟೆ ಕೆಲಸ, ಸುಮಾರು 400 ಎಡಿಟ್ ಮಾಡಿದ ಫೋಟೋ, 4 ನಿಮಿಷದ ಹೈಲೈಟ್ ಫಿಲ್ಮ್, 25 ಶೀಟಿನ ಆಲ್ಬಮ್. ಡ್ರೋನ್ ಇದರಲ್ಲಿ ಇಲ್ಲ, ಬೇಕಾದವರು ಸೇರಿಸಿಕೊಳ್ಳಬಹುದು.

ಈಗ ಬರೆದಿರುವ ಸ್ಕ್ರಿಪ್ಟ್:

"ನಿಮ್ಮ ಕನಸಿನ ಮದುವೆಗೆ ನಮ್ಮ ಗೋಲ್ಡ್ ಪ್ಯಾಕೇಜ್! ಕ್ಯಾಂಡಿಡ್, ಟ್ರೆಡಿಷನಲ್, ಸಿನಿಮ್ಯಾಟಿಕ್, ಅನ್‌ಲಿಮಿಟೆಡ್ ಫೋಟೋ, ಪ್ರೀಮಿಯಂ ಆಲ್ಬಮ್, ಎಲ್ಲವೂ ಒಂದೇ ಕಡೆ, ಕೈಗೆಟುಕುವ ದರದಲ್ಲಿ. ಬೆಲೆಗಾಗಿ ಇಂದೇ ಮೆಸೇಜ್ ಮಾಡಿ!"

ಓದಿದರೆ ಜಾಹೀರಾತಿನ ಥರ ಇದೆ, ಆದರೆ ಏನೋ ಕೂಡಿಬರ್ತಿಲ್ಲ. ಎಲ್ಲಿ ತಪ್ಪಿದೆ?

ಮೂರನೇಕಣ್ಣು

ಉದ್ದ ಜಾಸ್ತಿ ಆಯ್ತು. 15 ಸೆಕೆಂಡ್ ದಾಟಿದರೆ ಯಾರೂ ನೋಡಲ್ಲ. ರೇಟ್ ಪೂರ್ತಿ ಬಿಡೋದೂ ಸರಿಯಲ್ಲ. ಕೊನೆಯ ಫ್ರೇಮಿನಲ್ಲಿ "ಇಷ್ಟರಿಂದ ಶುರು" ಅಂತ ಚಿಕ್ಕದಾಗಿ ಹಾಕಿ, ಗೊಂದಲವೂ ಇಲ್ಲ, ಕೇಳುವವರಿಗೂ ಒಂದು ಅಂದಾಜು ಸಿಗುತ್ತೆ.

ಗಿಂಬಲ್‌ಗೆಳೆಯ

ರೀಲಿಗೆ ಗಿಂಬಲ್ ಬಳಸ್ತೀರಾ, ಇಲ್ಲ ಕೈಯಲ್ಲೇ ಹಿಡಿದು ತೆಗೀತೀರಾ? 50 ಫ್ರೇಮಿನಲ್ಲಿ ಶೂಟ್ ಮಾಡಿ 25ಕ್ಕೆ ಇಳಿಸಿದರೆ ನಡಿಗೆಯ ಶಾಟ್‌ಗಳು ಚೆನ್ನಾಗಿ ಬರುತ್ತವೆ. ಒಳಗಡೆ ಎಲ್‌ಇಡಿ ಲೈಟ್ ಇದ್ದರೆ ಶಟರ್ 1/50 ಅಥವಾ 1/100 ಇಡಿ, ಪಟ್ಟೆ ಪಟ್ಟೆ ಕಾಣೋದು ತಪ್ಪುತ್ತೆ. 60 ಹರ್ಟ್ಸ್ ಕರೆಂಟ್ ಇರೋ ಕಡೆಯಾದರೆ 1/60, 1/120.

ಕಿಟಕಿಬೆಳಕು

@ಗಿಂಬಲ್‌ಗೆಳೆಯ ಶೂಟಿಂಗ್ ಆಗಿಹೋಗಿದೆ ಗುರು, ಹಳೆಯ ಮದುವೆಗಳ ಫೂಟೇಜ್ ಇದೆ. ನನ್ನ ಪ್ರಶ್ನೆ ಮಾತಿನ ಬಗ್ಗೆ.

ಎಡಿಟ್‌ಮೇಜು

ನಿಮ್ಮ ಸ್ಕ್ರಿಪ್ಟಿನಲ್ಲಿ ಬೆಲೆ ಇಲ್ಲ ಅಂತ ನೀವು ಅಂದ್ಕೊಂಡಿದ್ದೀರಿ. ಮೂರು ಕಡೆ ಇದೆ. "ಗೋಲ್ಡ್" ಅಂದ ಕೂಡಲೇ ಸಿಲ್ವರ್ ಎಷ್ಟು, ಪ್ಲಾಟಿನಂ ಎಷ್ಟು ಅಂತ ತಲೆ ಓಡುತ್ತೆ. "ಕೈಗೆಟುಕುವ ದರ" ಅಂದರೆ ಯಾರ ಕೈಗೆ? "ಬೆಲೆಗಾಗಿ ಮೆಸೇಜ್ ಮಾಡಿ" ಅಂತ ಮುಗಿಸಿದರೆ ಬರುವ ಮೆಸೇಜುಗಳೆಲ್ಲ "ಎಷ್ಟು?" ಅನ್ನೋ ಒಂದೇ ಪದದವು. ಬೆಲೆಯ ಅಂಕಿ ಹೋಯ್ತು, ಬೆಲೆಯ ವಾಸನೆ ಉಳೀತು.

ಇನ್ನೊಂದು ಕಡೆ, ಹೇಳಲೇಬೇಕಾದ ಅಂಕಿಗಳು ಒಂದೂ ಇಲ್ಲ. ಇಲ್ಲಿ ಪೋಸ್ಟಿನಲ್ಲಿ 2, 1, 10, 400, 4, 25 ಅಂತ ಅಚ್ಚುಕಟ್ಟಾಗಿ ಬರೆದಿದ್ದೀರಿ. ಸ್ಕ್ರಿಪ್ಟಿಗೆ ಬಂದಾಗ ಅವೆಲ್ಲ ಮಾಯವಾಗಿ "ಅನ್‌ಲಿಮಿಟೆಡ್", "ಪ್ರೀಮಿಯಂ" ಆದವು. ಬೆಲೆ ಬಿಟ್ಟ ರೀಲಿನಲ್ಲಿ ಪ್ಯಾಕೇಜನ್ನು ಹಿಡಿದು ನಿಲ್ಲಿಸೋದು ಈ ಎಣಿಕೆಗಳೇ. ಅವೂ ಹೋದರೆ ಉಳಿಯೋದು ಬರೀ ಚೆಂದದ ಫೂಟೇಜ್.

"ಅನ್‌ಲಿಮಿಟೆಡ್ ಫೋಟೋ" ಅನ್ನೋದನ್ನು ಮೊದಲು ಹೊಡೆದುಹಾಕಿ. ನಿಮಗೆ ಅದರ ಅರ್ಥ ಎಷ್ಟು ಬೇಕಾದರೂ ಕ್ಲಿಕ್ ಮಾಡ್ತೀವಿ ಅಂತ. ಕೇಳುವವರಿಗೆ ಅದು ಎಷ್ಟು ಬೇಕಾದರೂ ಎಡಿಟ್ ಮಾಡಿ ಕೊಡ್ತಾರೆ ಅಂತ. ಕೆಲಸ ಮುಗಿದ ಮೇಲೆ ಅವರು ರಾ ಫೈಲ್ ಕೇಳುವ ಜಗಳ ಹುಟ್ಟೋದು ಈ ಪದದಿಂದಲೇ. "400+" ಅನ್ನೋದೂ ಬೇಡ, ಆ ಕೂಡುವ ಚಿಹ್ನೆಗೆ ಕೊನೆ ಇಲ್ಲ. "ಸುಮಾರು 400" ಸಾಕು.

@ಮೂರನೇಕಣ್ಣು ಮೊದಲ ಸೆಕೆಂಡುಗಳಲ್ಲಿ ಹಿಡಿಯಬೇಕು ಅನ್ನೋದು ಸರಿ. ಆದರೆ ಉದ್ದದ ಲೆಕ್ಕ ಎಲ್ಲ ರೀಲಿಗೂ ಒಂದೇ ಅಲ್ಲ. ಮದುವೆ ಗೊತ್ತಾಗಿ ಫೋಟೋಗ್ರಾಫರ್ ಹುಡುಕುತ್ತಿರುವ ಜೋಡಿಗೆ ಇದು ಟೈಂಪಾಸ್ ಅಲ್ಲ, ವಿಚಾರಣೆ. ಉಪಯೋಗದ ಮಾತಿದ್ದರೆ 30 ಸೆಕೆಂಡ್ ಕೂರ್ತಾರೆ. 15 ಸೆಕೆಂಡಿನಲ್ಲಿ ಮೂರು ವಿಷಯ ತುರುಕಿದರೆ ಒಂದೂ ನಿಲ್ಲಲ್ಲ.

"ಇಷ್ಟರಿಂದ ಶುರು" ಬಗ್ಗೆ: ಆ ಅಂಕಿ ನಿಮ್ಮ ಅತಿ ಚಿಕ್ಕ ಕೆಲಸದ್ದು, ತೋರಿಸ್ತಿರೋದು ನಡುವಿನ ಪ್ಯಾಕೇಜ್. ನೋಡುವವರು ಕಂಡ ಚಿತ್ರಕ್ಕೂ ಕಂಡ ಅಂಕಿಗೂ ಗಂಟು ಹಾಕ್ತಾರೆ. ಆಮೇಲೆ ನೀವು ಹೇಳುವ ನಿಜವಾದ ಮೊತ್ತ ಅವರಿಗೆ ಏರಿಸಿದ ರೇಟಿನ ಹಾಗೆ ಕೇಳಿಸುತ್ತೆ.

ಮೂರನೇಕಣ್ಣು

ಹಾಗಾದರೆ ನಡುವಿನ ಪ್ಯಾಕೇಜಿನ ಸರಿಯಾದ ರೇಟನ್ನೇ ಹಾಕಲಿ. ಮುಚ್ಚಿಟ್ಟರೆ ಜನಕ್ಕೆ ಅನುಮಾನ ಬರಲ್ವಾ?

ಎಡಿಟ್‌ಮೇಜು

ರೀಲ್ ಹಾಕಿದ ಮೇಲೆ ಕ್ಯಾಪ್ಷನ್ ತಿದ್ದಬಹುದು, ವಿಡಿಯೋದ ಮೇಲೆ ಕೂತ ಅಕ್ಷರ ತಿದ್ದಲಾಗಲ್ಲ. ಎರಡು ವರ್ಷ ಆದ ಮೇಲೂ ಯಾರೋ ಅದನ್ನು ಮನೆಯ ಗ್ರೂಪಿಗೆ ಕಳಿಸ್ತಾರೆ, ಯಾವಾಗಿನದು ಅಂತ ಯಾರೂ ನೋಡಲ್ಲ. ರೇಟ್ ಇರಬೇಕಾದ್ದು ತಿದ್ದಬಹುದಾದ ಜಾಗದಲ್ಲಿ, ಅಂದರೆ ಕಳಿಸುವ ಕೊಟೇಶನ್ ಹಾಳೆಯಲ್ಲಿ. ಮುಚ್ಚಿಡೋದು ಬೇರೆ, ಇಲ್ಲಿ ಹೇಳಲ್ಲ ಅನ್ನೋದು ಬೇರೆ. ಮೊದಲ ಉತ್ತರದಲ್ಲೇ ಹಾಳೆ ಹೋಗದೆ "ಆಫೀಸಿಗೆ ಬನ್ನಿ, ಮಾತಾಡೋಣ" ಅಂದರೆ ಮಾತ್ರ ನಿಮ್ಮ ಅನುಮಾನ ನಿಜ.

ನವೆಂಬರ್‌ವಧು

ನಾನು ಫೋಟೋಗ್ರಾಫರ್ ಅಲ್ಲ, ಹುಡುಕುತ್ತಿರುವ ಕಡೆಯವಳು. ಒಂದು ಮಾತು ಸೇರಿಸ್ತೀನಿ. ನಮಗೆ ಗೊಂದಲ ಆಗೋದು ರೇಟಿಗಿಂತ ಹೆಚ್ಚಾಗಿ ಪದಗಳಿಂದ. ಕ್ಯಾಂಡಿಡ್, ಟ್ರೆಡಿಷನಲ್, ಸಿನಿಮ್ಯಾಟಿಕ್ ಅಂದರೆ ಮೂರು ಜನ ಬರ್ತಾರಾ, ಒಬ್ಬರೇ ಮೂರು ಥರ ತೆಗೀತಾರಾ? ಟೀಸರ್, ಹೈಲೈಟ್, ಫುಲ್ ವಿಡಿಯೋ ಇವುಗಳಲ್ಲಿ ಎಷ್ಟು ಸಿಗುತ್ತೆ? ಮತ್ತೆ 25 ಶೀಟ್ ಅಂದರೆ 25 ಪುಟ ಅಂತಲೇ ನಾನು ಅಂದ್ಕೊಂಡಿದ್ದೆ. ಅಲ್ವಾ?

ಆಲ್ಬಮ್‌ಅಂಟು

ಅಲ್ಲ ಮೇಡಂ. ಒಂದು ಶೀಟ್ ಅಂದರೆ ಆಲ್ಬಮ್ ಬಿಚ್ಚಿದಾಗ ಎಡಕ್ಕೂ ಬಲಕ್ಕೂ ಒಟ್ಟಿಗೆ ಹರಡಿಕೊಳ್ಳುವ ಹಾಳೆ. ಪುಟದ ಲೆಕ್ಕದಲ್ಲಿ ಎರಡು. 25 ಶೀಟ್ ಅಂದರೆ 50 ಪುಟ. ಕೆಲವರು 50 ಪುಟ ಅಂತ ಹೇಳ್ತಾರೆ, ಕೆಲವರು 25 ಶೀಟ್ ಅಂತಾರೆ, ವಸ್ತು ಒಂದೇ. ಅಳತೆಯಲ್ಲೂ ಇದೇ ಕಥೆ. 12×18 ಇಂಚು ಅಂತ ಒಬ್ಬರು, 12×36 ಅಂತ ಇನ್ನೊಬ್ಬರು. ಒಂದು ಮುಚ್ಚಿದ ಅಳತೆ, ಇನ್ನೊಂದು ಬಿಚ್ಚಿದ ಅಳತೆ. ಇಬ್ಬರನ್ನೂ ಹೋಲಿಸುವ ಜೋಡಿಗೆ ಎರಡನೆಯವರು ದುಪ್ಪಟ್ಟು ಕೊಡ್ತಿದ್ದಾರೆ ಅನಿಸುತ್ತೆ.

ರೀಲಿನಲ್ಲಿ "ಪುಟ" ಅಂತಲೇ ಹೇಳಿ. ಸ್ಟುಡಿಯೋದವರ ಭಾಷೆಯ ಶೀಟ್ ಕೊಟೇಶನ್ನಿನಲ್ಲಿ ಇರಲಿ, ಅಲ್ಲೂ ಪಕ್ಕದಲ್ಲಿ ಪುಟ ಬರೆಯಿರಿ.

ಇನ್ನೊಂದು: 400 ಫೋಟೋವೂ ಆಲ್ಬಮಿನಲ್ಲಿ ಬರುತ್ತೆ ಅಂತ ಬಹಳ ಜನ ನಂಬಿರ್ತಾರೆ. 25 ಶೀಟಿಗೆ ಶೀಟಿಗೆ ಐದಾರರಂತೆ 125ರಿಂದ 150 ಹಿಡಿಯುತ್ತೆ. ಅದಕ್ಕಿಂತ ತುಂಬಿದರೆ ಅಂಚೆಚೀಟಿ ಪುಸ್ತಕ ಆಗುತ್ತೆ. ಸ್ಕ್ರಿಪ್ಟಿನಲ್ಲಿ "400 ಫೋಟೋ" ಮತ್ತು "ಆಲ್ಬಮ್" ಬೆನ್ನಿಗೆ ಬೆನ್ನು ಬಂದರೆ ಈ ತಪ್ಪು ಗ್ಯಾರಂಟಿ. ನಡುವೆ ಫಿಲ್ಮಿನ ಮಾತು ಬರಲಿ. ಫೋಟೋ ತೋರಿಸುವಾಗ ಮೊಬೈಲ್ ಗ್ಯಾಲರಿಯಲ್ಲಿ ಬೆರಳಿನಿಂದ ಸರಿಸುವ ಶಾಟ್ ಹಾಕಿ, ಆಲ್ಬಮ್ ಬೇರೆ ಶಾಟ್. ಎರಡೂ ಬೇರೆ ವಸ್ತು ಅಂತ ಕಣ್ಣಿಗೇ ಗೊತ್ತಾಗುತ್ತೆ.

ಕಿಟಕಿಬೆಳಕು

ಈ 400ರ ವಿಷಯ ಹೊಳೆದೇ ಇರಲಿಲ್ಲ. @ಎಡಿಟ್‌ಮೇಜು ಸರ್, ಹಾಗಾದರೆ ಸ್ಕ್ರಿಪ್ಟನ್ನು ನೀವು ಹೇಗೆ ಕಟ್ತೀರಿ? ಗೋಲ್ಡ್ ಅನ್ನೋ ಹೆಸರು ಬದಲಿಸಬೇಕಾ?

ಎಡಿಟ್‌ಮೇಜು

ಹೆಸರು ಕೊಟೇಶನ್ನಿನಲ್ಲಿ ಏನಾದರೂ ಇರಲಿ, ರೀಲಿನಲ್ಲಿ ಬೇಡ. ಏನು ಸಿಗುತ್ತೆ ಅನ್ನೋದನ್ನು ಹೆಸರು ಹೇಳಲ್ಲ.

ಬರೆಯುವ ಮೊದಲು ಒಂದು ಲೆಕ್ಕ. ಕನ್ನಡದಲ್ಲಿ ಪದಗಳು ಉದ್ದ. ಸಮಾಧಾನವಾಗಿ ಓದಿದರೆ 30 ಸೆಕೆಂಡಿಗೆ 50ರಿಂದ 55 ಪದ, ಅದಕ್ಕಿಂತ ಹೆಚ್ಚಾದರೆ ಹರಾಜು ಕೂಗಿದ ಹಾಗಾಗುತ್ತೆ. ಅಷ್ಟರಲ್ಲಿ ಮೂರು ವಿಷಯಕ್ಕೆ ಜಾಗ: ಎಷ್ಟು ಜನ ಬರ್ತೀರಿ, ಎಷ್ಟು ಹೊತ್ತು ಇರ್ತೀರಿ, ಕೈಗೆ ಏನು ಕೊಡ್ತೀರಿ. ನಿಮ್ಮ ಪ್ಯಾಕೇಜಿಗೆ ಹೀಗೆ:

0–4 ಸೆಕೆಂಡ್. ಶಾಟ್: ಒಂದೇ ಕ್ಷಣದ ಎರಡು ಫೋಟೋ, ಎರಡು ಕ್ಯಾಮೆರಾದಿಂದ. ದನಿ: "ಕ್ಷಣ ಒಂದೇ. ನೋಡುತ್ತಿರುವ ಕಣ್ಣು ಎರಡು." ಪರದೆಯ ಮೇಲೆ: 2 ಫೋಟೋಗ್ರಾಫರ್.

4–11. ಶಾಟ್: ವಧುವಿನ ಮುಖ, ತಕ್ಷಣ ಅವಳನ್ನು ನೋಡುತ್ತಿರುವ ತಂದೆಯ ಮುಖ. ದನಿ: "ಒಬ್ಬರು ನಿಮ್ಮ ಎದುರಿಗಿದ್ದಾಗ ಇನ್ನೊಬ್ಬರು ನಿಮ್ಮ ಅಪ್ಪ ಅಮ್ಮನ ಕಡೆ ಇರುತ್ತಾರೆ. ವಿಡಿಯೋಗೆ ಬೇರೆಯೇ ಒಬ್ಬರು." ಪರದೆ: 1 ವಿಡಿಯೋಗ್ರಾಫರ್.

11–17. ಶಾಟ್: ಕಿಟಕಿಯ ಬೆಳಕಿನಲ್ಲಿ ತಯಾರಾಗುವುದು, ಹೊರಗಿನ ಬಿಸಿಲು, ಕೊನೆಗೆ ದೀಪದ ಬೆಳಕು. ದನಿ: "ನೀವು ತಯಾರಾಗುವ ಹೊತ್ತಿಗೆ ಬರುತ್ತೇವೆ. ಹತ್ತು ಗಂಟೆ ಜೊತೆಗಿರುತ್ತೇವೆ." ಪರದೆ: 10 ಗಂಟೆ.

17–25. ಶಾಟ್: ಗ್ಯಾಲರಿ ಸರಿಸುವ ಬೆರಳು, ಫಿಲ್ಮ್ ಓಡುತ್ತಿರುವ ಟಿವಿ, ಆಲ್ಬಮ್ ಮಗುಚುವ ಕೈ. ದನಿ: "ಮೊಬೈಲಿಗೆ ಸುಮಾರು ನಾನೂರು ಫೋಟೋ. ಮನೆಯವರೆಲ್ಲ ಕೂತು ನೋಡಲು ನಾಲ್ಕು ನಿಮಿಷದ ಫಿಲ್ಮ್. ಕೈಗೆ ಐವತ್ತು ಪುಟದ ಆಲ್ಬಮ್." ಪರದೆ: ಅಂಕಿಗಳು ಒಂದಾದ ಮೇಲೊಂದು, ಒಟ್ಟಿಗಲ್ಲ.

25–32. ಶಾಟ್: ಕದಲದ ಒಂದೇ ಫ್ರೇಮ್. ದನಿ: "ದಿನಾಂಕ, ಜಾಗ, ಎಷ್ಟು ಕಾರ್ಯಕ್ರಮ, ಇಷ್ಟು ಬರೆದು ಕಳಿಸಿ. ನಿಮ್ಮದೇ ಲೆಕ್ಕ ಒಂದು ಹಾಳೆಯಲ್ಲಿ ಕಳಿಸುತ್ತೇವೆ." ಪರದೆ: ದಿನಾಂಕ · ಜಾಗ · ಕಾರ್ಯಕ್ರಮ.

ಕೊನೆಯ ಸಾಲಿನಲ್ಲೇ ಅರ್ಧ ಕೆಲಸ ಇದೆ. "ಬೆಲೆ ಕೇಳಿ" ಅಂದರೆ "ಎಷ್ಟು?" ಬರುತ್ತೆ, ನೀವು ಮತ್ತೆ ಮೂರು ಪ್ರಶ್ನೆ ಕೇಳಬೇಕು, ಅಷ್ಟರಲ್ಲಿ ಅವರು ಇನ್ನೊಬ್ಬರ ಹತ್ತಿರ ಹೋಗಿರ್ತಾರೆ. ಲೆಕ್ಕ ಹಾಕಲು ಬೇಕಾದ್ದನ್ನೇ ಕೇಳಿದರೆ ಮೊದಲ ಮೆಸೇಜಿಗೇ ಹಾಳೆ ಕಳಿಸಬಹುದು. ರೇಟ್ ಏಕೆ ಒಂದೇ ಅಂಕಿ ಅಲ್ಲ ಅನ್ನೋದೂ ಆ ಮೂರು ಪದಗಳಿಂದ ತಾನಾಗಿ ತಿಳಿಯುತ್ತೆ.

ಒಂದೇ ಕ್ಷಣದ ಎರಡು ಫೋಟೋ ಹುಡುಕೋದು ಕಷ್ಟ ಅನಿಸಬಹುದು. ಎರಡು ಕ್ಯಾಮೆರಾದ ಗಡಿಯಾರ ಒಂದೇ ಇದ್ದರೆ ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ, ತೆಗೆದ ಸಮಯದ ಪ್ರಕಾರ ಜೋಡಿಸಿ, ಜೋಡಿಗಳು ಪಕ್ಕಪಕ್ಕ ಬಂದು ಕೂರ್ತವೆ. ಗಡಿಯಾರ ಹೊಂದಿಸಿರದಿದ್ದರೆ ಇಬ್ಬರೂ ಹಿಡಿದಿರುವ ಒಂದು ಕ್ಷಣ ಗುರುತಿಸಿ, ವ್ಯತ್ಯಾಸ ನೋಡಿ, ಒಂದು ಕ್ಯಾಮೆರಾದ ಎಲ್ಲ ಫೋಟೋಗಳ ಸಮಯವನ್ನು ಲೈಟ್‌ರೂಮಿನಲ್ಲಿ ಅಷ್ಟು ಸರಿಸಿ. ಬಣ್ಣ ಸಮ ಮಾಡೋದು ಮರೆಯಬೇಡಿ. ಒಂದು ಹಳದಿ, ಇನ್ನೊಂದು ನೀಲಿ ಇದ್ದರೆ ನೋಡುವವರಿಗೆ ಎರಡು ಬೇರೆ ಮದುವೆ ಅನಿಸುತ್ತೆ, ಶುರುವಿನ ಮಾತೇ ಬಿದ್ದುಹೋಗುತ್ತೆ. ಒಂದು ಫೋಟೋದಲ್ಲಿ ಇನ್ನೊಬ್ಬ ಫೋಟೋಗ್ರಾಫರ್ ಅಡ್ಡ ಬಂದಿದ್ದರೆ ಬೇರೆ ಕಡೆ ಅದನ್ನು ಎಸೀತೀರಿ, ಇಲ್ಲಿ ಅದೇ ಸಾಕ್ಷಿ.

ಗಿಂಬಲ್‌ಗೆಳೆಯ

ಶುರುವಿಗೆ ಡ್ರೋನ್ ಶಾಟ್ ಹಾಕಿದರೆ ಇನ್ನೂ ಜೋರಾಗಿರುತ್ತೆ ಅಲ್ವಾ? ಫೂಟೇಜ್ ಇದ್ದರೆ ಬಿಡೋದು ಯಾಕೆ?

ಎಡಿಟ್‌ಮೇಜು

ಬೇಡವೇ ಬೇಡ. ಅವರ ಪ್ಯಾಕೇಜಿನಲ್ಲಿ ಡ್ರೋನ್ ಇಲ್ಲ. ಪ್ಯಾಕೇಜಿನ ರೀಲಿನಲ್ಲಿ ಕಂಡದ್ದೆಲ್ಲ ಪ್ಯಾಕೇಜಿನಲ್ಲಿದೆ ಅಂತಲೇ ನೋಡುವವರು ತಿಳಿಯೋದು, ಮತ್ತು ಅದು ಅವರ ತಪ್ಪಲ್ಲ. "ಡ್ರೋನ್ ಪ್ರತ್ಯೇಕ" ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದರೆ ಕಣ್ಣಿಗೆ ಕಂಡದ್ದನ್ನು ಅಳಿಸಲಾಗಲ್ಲ. ಇದು ಡ್ರೋನಿಗೆ ಮಾತ್ರ ಅಲ್ಲ. ಐದು ಜನ ಕೆಲಸ ಮಾಡಿದ ಮದುವೆಯ ಫೂಟೇಜನ್ನು ಮೂರು ಜನರ ಪ್ಯಾಕೇಜಿಗೆ ಬಳಸಿದರೂ ಅದೇ ಮೋಸ. ಇದೇ ಪ್ಯಾಕೇಜ್ ತೆಗೆದುಕೊಂಡಿದ್ದ ಒಂದು ಮದುವೆಯಿಂದಲೇ ಶಾಟ್ ಆರಿಸಿ, ಆ ಜೋಡಿಯ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ.

ಪರೀಕ್ಷೆ ಸುಲಭ. ಈ ಕಸುಬಿಗೆ ಸಂಬಂಧವಿಲ್ಲದ ಇಬ್ಬರಿಗೆ ಒಂದೇ ಸಲ, ದನಿ ಇಲ್ಲದೆ ತೋರಿಸಿ. ಏನೇನು ಸಿಗುತ್ತೆ ಅಂತ ಚೀಟಿಯಲ್ಲಿ ಬರೆಸಿ. ಪ್ಯಾಕೇಜಿನಲ್ಲಿ ಇಲ್ಲದ್ದು ಚೀಟಿಯಲ್ಲಿ ಬಂದರೆ ಅದನ್ನು ಹುಟ್ಟಿಸಿದ ಶಾಟ್ ತೆಗೆಯಿರಿ. ಇರುವುದು ಬರದಿದ್ದರೆ ಆ ಅಂಕಿ ಪರದೆಯ ಮೇಲೆ ಸಾಕಷ್ಟು ನಿಂತಿಲ್ಲ. ಒಂದು ಸಾಲನ್ನು ಗಟ್ಟಿಯಾಗಿ ಎರಡು ಸಲ ಓದಲು ಹಿಡಿಯುವಷ್ಟು ಹೊತ್ತು ಅದು ಇರಬೇಕು.

ಆಲ್ಬಮ್‌ಅಂಟು

ಆಲ್ಬಮ್ ಶಾಟಿಗೂ ಇದೇ ಮಾತು. ಸ್ಟುಡಿಯೋದಲ್ಲಿ ಸ್ಯಾಂಪಲ್ಲಿಗೆ ಅಂತ ಇರುವ ದಪ್ಪ ಆಲ್ಬಮ್, ಅದರ ಪೆಟ್ಟಿಗೆ ಸಮೇತ ತೋರಿಸ್ತಾರೆ. ಆಮೇಲೆ ಪೆಟ್ಟಿಗೆ ಎಲ್ಲಿ ಅಂತ ಕೇಳ್ತಾರೆ. 25 ಶೀಟಿನದ್ದನ್ನೇ ಪಕ್ಕದಿಂದ ತೋರಿಸಿ, ದಪ್ಪ ಕಾಣಲಿ.

ಯಾವಾಗ ಸಿಗುತ್ತೆ ಅನ್ನೋದನ್ನು ರೀಲಿನಲ್ಲಿ ಹೇಳಲೇಬೇಡಿ ಅಂತ ನನ್ನ ಅಭಿಪ್ರಾಯ. ಹೇಳಿದರೆ "ನೀವು ಫೋಟೋ ಆರಿಸಿ ಕೊಟ್ಟ ಮೇಲೆ ಇಷ್ಟು ವಾರ" ಅಂತ ಹೇಳಬೇಕು. ಆಲ್ಬಮ್ ತಡ ಆಗೋದು ಹೆಚ್ಚಾಗಿ ಅಲ್ಲೇ, 400ರಲ್ಲಿ 140 ಆರಿಸಲು ಎರಡು ಮನೆಯವರು ಒಪ್ಪಬೇಕಲ್ಲ.

ನವೆಂಬರ್‌ವಧು

ಅದನ್ನು ಹೇಳಿದರೆ ನಮಗೆ ಒಳ್ಳೆಯದೇ ಸರ್. ನಮ್ಮಿಂದ ತಡ ಆಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಬೇಗ ಆರಿಸ್ತೀವಿ.

ಆಲ್ಬಮ್‌ಅಂಟು

ಹೇಳಬೇಕು, ಆದರೆ ಹಾಳೆಯಲ್ಲಿ. 32 ಸೆಕೆಂಡಿನಲ್ಲಿ ಆ ಷರತ್ತಿಗೆ ಜಾಗ ಇಲ್ಲ, ಷರತ್ತು ಬಿಟ್ಟು ವಾರ ಮಾತ್ರ ಹೇಳಿದರೆ ಅದೇ ಮಾತು ತಿರುಗಿಬರುತ್ತೆ.

ಕಿಟಕಿಬೆಳಕು

ಒಂದು ಕಚ್ಚಾ ಕಟ್ ಮಾಡಿ ಇಬ್ಬರಿಗೆ ತೋರಿಸಿ ಚೀಟಿ ಬರೆಸಿದೆ. ಇಬ್ಬರೂ "2 ಫೋಟೋಗ್ರಾಫರ್, 10 ಗಂಟೆ" ಬರೆದರು. ಒಬ್ಬರು "1 ವಿಡಿಯೋಗ್ರಾಫರ್" ಬಿಟ್ಟರು. ಇನ್ನೊಬ್ಬರು "ಎರಡು ಟಿವಿ ವಿಡಿಯೋ" ಅಂತ ಬರೆದಿದ್ದಾರೆ, ಟಿವಿಯಲ್ಲಿ ಎರಡು ಬೇರೆ ದೃಶ್ಯ ಓಡಿದ್ದಕ್ಕೆ. ವಿಡಿಯೋಗ್ರಾಫರ್ ಸಾಲು ಕೆಳಗಡೆ ಇಟ್ಟಿದ್ದೆ, ಮೊಬೈಲಿನಲ್ಲಿ ಖಾತೆಯ ಹೆಸರಿನ ಹಿಂದೆ ಸೇರಿಕೊಂಡಿತ್ತು.

ಎಡಿಟ್‌ಮೇಜು

ಟಿವಿಯ ಶಾಟಿನಲ್ಲಿ ಒಂದೇ ದೃಶ್ಯ ಇಡಿ, ಸರಿಹೋಗುತ್ತೆ. ಅಕ್ಷರದ ಜಾಗಕ್ಕೆ: 1080×1920 ಫ್ರೇಮಿನಲ್ಲಿ ಮೇಲೆ ಸುಮಾರು 270 ಪಿಕ್ಸೆಲ್, ಕೆಳಗೆ ಸುಮಾರು 670 ಪಿಕ್ಸೆಲ್ ಖಾಲಿ ಬಿಡಿ. ಕೆಳಗೆ ಹೆಸರು, ಕ್ಯಾಪ್ಷನ್ ಕೂರುತ್ತೆ, ಬಲಗಡೆ ಬಟನ್‌ಗಳ ಸಾಲು. ನಡುವಿನ ಪಟ್ಟಿಯಲ್ಲೇ ಅಂಕಿ ಬರಲಿ, ಮುಖದ ಮೇಲೆ ಮಾತ್ರ ಬೇಡ. ಹಾಗಾಗಿ ಶಾಟ್ ಆರಿಸುವಾಗಲೇ ಒಂದು ಬದಿ ಖಾಲಿ ಇರುವಂಥದ್ದು ನೋಡಬೇಕು.

ದನಿಯ ಕೆಳಗೆ ಹಾಡು ಹಾಕಿದರೆ 15ರಿಂದ 20 ಡೆಸಿಬೆಲ್ ಕೆಳಗಿರಲಿ. ಬಿಸಿನೆಸ್ ಖಾತೆಗೆ ಎಲ್ಲ ಸಿನಿಮಾ ಹಾಡು ಸಿಗಲ್ಲ. ಹೊರಗಿಂದ ತಂದು ಅಂಟಿಸಿದರೆ ಆಮೇಲೆ ದನಿಯೇ ಮ್ಯೂಟ್ ಆಗಬಹುದು, ಜೊತೆಗೆ ನಿಮ್ಮ ಮಾತೂ ಹೋಗುತ್ತೆ. ಹಕ್ಕು ಇರುವ ವಾದ್ಯಸಂಗೀತ ಸಾಕು.

ಮೂರನೇಕಣ್ಣು

ಎಲ್ಲ ಒಪ್ಪಿದೆ. ಆದರೆ ಕಮೆಂಟಿನಲ್ಲಿ "ರೇಟ್ ಎಷ್ಟು" ಅಂತ ಕೇಳೇ ಕೇಳ್ತಾರೆ. ಪ್ರತಿಯೊಬ್ಬರಿಗೂ "ಇನ್‌ಬಾಕ್ಸ್ ನೋಡಿ" ಅಂತ ಬರೆಯೋದು ನೋಡೋಕೆ ಚೆನ್ನಾಗಿರಲ್ಲ.

ಎಡಿಟ್‌ಮೇಜು

ಮೊದಲೇ ಒಂದು ಕಮೆಂಟ್ ನೀವೇ ಬರೆದು ಪಿನ್ ಮಾಡಿ: "ಗಂಟೆ, ಕಾರ್ಯಕ್ರಮ, ಪ್ರಯಾಣದ ಮೇಲೆ ಮೊತ್ತ ಬದಲಾಗುತ್ತದೆ. ದಿನಾಂಕ, ಜಾಗ, ಕಾರ್ಯಕ್ರಮದ ಸಂಖ್ಯೆ ಕಳಿಸಿದರೆ ಪೂರ್ತಿ ಹಾಳೆ ಕಳಿಸುತ್ತೇವೆ." ಹಾಳೆಯಲ್ಲಿ ರೀಲಿನ ಅಂಕಿಗಳು ಅದೇ ಕ್ರಮದಲ್ಲಿ ಬರಲಿ, ಕೆಳಗೆ ಸೇರದಿರುವುದು, ಕೊನೆಗೆ ತೆರಿಗೆ ಸೇರಿದ ಒಟ್ಟು ಮೊತ್ತ. ರೀಲಿನಲ್ಲಿ 50 ಪುಟ, ಹಾಳೆಯಲ್ಲಿ 25 ಶೀಟ್ ಮಾತ್ರ ಇದ್ದರೆ ಮತ್ತೆ ಮೊದಲಿಂದ ಶುರು.

ನವೆಂಬರ್‌ವಧು

ಒಂದು ವಿಷಯ ಒಪ್ಪಲ್ಲ. ನಾವು ಹತ್ತಾರು ಜನರನ್ನು ನೋಡ್ತಿರ್ತೀವಿ. ಪ್ರತಿಯೊಬ್ಬರಿಗೂ ದಿನಾಂಕ, ಜಾಗ ಬರೆದು ಕಾಯೋದು ಆಗಲ್ಲ. ನಮ್ಮ ಬಜೆಟ್ಟಿಗೆ ಹತ್ತಿರವಾ, ದೂರವಾ ಅನ್ನೋದಾದರೂ ಎಲ್ಲೋ ಒಂದು ಕಡೆ ಸಿಗಬೇಕು. ಸಿಗದಿದ್ದರೆ ರೀಲ್ ಎಷ್ಟೇ ಚೆನ್ನಾಗಿದ್ದರೂ ಮುಂದಕ್ಕೆ ಹೋಗ್ತೀನಿ.

ಎಡಿಟ್‌ಮೇಜು

ನ್ಯಾಯವಾದ ಮಾತು ಮೇಡಂ. ಪ್ರೊಫೈಲಿನ ಲಿಂಕಿನಲ್ಲಿ ಒಂದು ಪುಟ ಇಟ್ಟು, ಈ ಪ್ಯಾಕೇಜಿಗೆ ಇಷ್ಟರಿಂದ ಇಷ್ಟರ ತನಕ ಅಂತ ಬರೆಯಬಹುದು, ಅದು ತಿದ್ದಲು ಬರುತ್ತೆ. ಆದರೆ ಆ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದಾದರೆ ಅದೂ ಉಪಯೋಗಕ್ಕೆ ಬರಲ್ಲ.

ಮೂರನೇಕಣ್ಣು

ಅಂದರೆ ಕೊನೆಗೂ "ಇಷ್ಟರಿಂದ" ಬಂತು 🙂

ಎಡಿಟ್‌ಮೇಜು

ಬಂತು, "ಇಷ್ಟರ ತನಕ" ಜೊತೆಗೆ, ಮತ್ತು ರೀಲಿನ ಹೊರಗೆ. ಅತಿ ಚಿಕ್ಕ ಕೆಲಸದ ಅಂಕಿ ಅಲ್ಲ, ಇದೇ ಪ್ಯಾಕೇಜಿನದ್ದು.

ಕಿಟಕಿಬೆಳಕು

ವಿಡಿಯೋಗ್ರಾಫರ್ ಸಾಲನ್ನು ನಡುವಿಗೆ ತಂದೆ, ಟಿವಿ ಶಾಟ್ ಬದಲಿಸಿದೆ. ಲಿಂಕಿನ ಪುಟದ ಬಗ್ಗೆ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ. ಒಂದು ಪ್ರಶ್ನೆ ಉಳೀತು: ಎರಡೂ ಕಡೆಯ ಮನೆಯವರು ಬೇರೆ ಬೇರೆ ಆಲ್ಬಮ್ ಕೇಳೋದು ಮಾಮೂಲು. "ಐವತ್ತು ಪುಟದ ಆಲ್ಬಮ್" ಅಂದರೆ ಮನೆಗೊಂದು ಅಂತ ಅಂದ್ಕೊಳ್ಳಲ್ವಾ?

ಆಲ್ಬಮ್‌ಅಂಟು

ಅಂದ್ಕೊಳ್ತಾರೆ. "ಐವತ್ತು ಪುಟದ ಒಂದು ಆಲ್ಬಮ್" ಅನ್ನಿ. ಒಂದು ಪದ ಹೆಚ್ಚಾಗುತ್ತೆ, ಅಷ್ಟೇ.